ಅಸಲು ಚಿತ್ರ, ಅಚ್ಚಿನ ಚಿತ್ರ

ನನ್ನ ಮಿತ್ರರೊಬ್ಬರ ಹಳೆಯ ಮನೆಯ ಅಟ್ಟದಲ್ಲಿ ಎರಡು ಚಿತ್ರಪಟಗಳಿದ್ದವು. ಒಂದು, ಕಮಲದ ಮೇಲೆ ನಿಂತ ಲಕ್ಷ್ಮಿಯ ಪಟ. ಅದು ರಾಜಾ ರವಿವರ್ಮನ ಕೈಯಿಂದಲೇ ಮೂಡಿದುದೆಂದು ಮನೆಯವರ ನಂಬಿಕೆ. ಇನ್ನೊಂದು, ಪೇಟ ಧರಿಸಿದ ಮುತ್ತಜ್ಜನ ಮಸುಕಾದ ಭಾವಚಿತ್ರ. ಹಳೆಯ ವಸ್ತುಗಳ ವ್ಯಾಪಾರಿಯೊಬ್ಬ ಬಂದು ಲಕ್ಷ್ಮಿಯ ಪಟಕ್ಕೆ ಬೆಲೆ ಕಟ್ಟಿದನು. “ಈ ಮುದುಕರದು ಬರಿಯ ಅಚ್ಚಿನ ಚಿತ್ರ, ಅದನ್ನು ಜೊತೆಗೆ ಹಾಗೆಯೇ ಕೊಟ್ಟುಬಿಡಿ” ಎಂದನು. ಮಿತ್ರರು ಎರಡು ದಿನಗಳ ಅವಕಾಶ ಕೇಳಿ ನನಗೆ ಹೇಳಿಕಳುಹಿಸಿದರು. ಹಳೆಯ ಚಿತ್ರಗಳನ್ನು ದುರಸ್ತಿ ಮಾಡುವ ನನ್ನ ಶಿಷ್ಯನೊಬ್ಬನನ್ನು ಕರೆದುಕೊಂಡು ಹೋದೆನು.

ರವಿವರ್ಮನು 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯವೊಂದನ್ನು ಸ್ಥಾಪಿಸಿದನು. ಅಲ್ಲಿ ಅವನ ಚಿತ್ರಗಳು ಕಲ್ಲಚ್ಚಿನಲ್ಲಿ ಮುದ್ರಣಗೊಂಡು ಮನೆಮನೆಗೂ ತಲುಪಿದವು. ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು. ಒಂದೇ ಕಾಗದವು ಅವೆಲ್ಲದರ ಮೇಲೆ ಹಾದುಬರಬೇಕು. ಕೆಲವು ಪ್ರತಿಗಳ ಮೇಲೆ ಕ್ಯಾನ್ವಾಸ್ ಬಟ್ಟೆಯ ನೇಯ್ಗೆಯನ್ನೂ ಒತ್ತಿ, ವಾರ್ನಿಷ್ ಬಳಿಯುತ್ತಿದ್ದರು. ಓಲಿಯೋಗ್ರಾಫ್ ಎಂಬ ಈ ಬಗೆಯ ಚಿತ್ರ ದೂರದಿಂದ ನೋಡುವವರಿಗೆ ತೈಲಚಿತ್ರದಂತೆಯೇ ತೋರುತ್ತದೆ.

ಶಿಷ್ಯನು ಮೊದಲು ಕಿಟಕಿಗಳನ್ನು ಮುಚ್ಚಿ, ಟಾರ್ಚಿನ ಬೆಳಕನ್ನು ಪಟದ ಪಕ್ಕದಿಂದ ಓರೆಯಾಗಿ ಹಾಯಿಸಿದನು. ಲಕ್ಷ್ಮಿಯ ಪಟದಲ್ಲಿ ನೇಯ್ಗೆಯ ಗೆರೆಗಳು ಎದ್ದು ಕಂಡವು. ಆದರೆ ಮುಖ, ನೀರು, ಕಮಲ ಎಲ್ಲೆಡೆಯೂ ಅವು ಒಂದೇ ಸಮನಾಗಿದ್ದವು. ಭೂತಕನ್ನಡಿಯಲ್ಲಿ ನೋಡಿದಾಗ ಕೆನ್ನೆಯ ನಸುಗೆಂಪು ಸಣ್ಣ ಚುಕ್ಕೆಗಳಾಗಿ ಒಡೆಯಿತು. ಸೀರೆಯ ಕೆಂಪು ತನ್ನ ಅಂಚನ್ನು ಕೂದಲೆಳೆಯಷ್ಟು ದಾಟಿತ್ತು. ಕಲ್ಲಿನ ಮೇಲೆ ಕಾಗದ ತುಸು ಜರುಗಿದ್ದರ ಗುರುತು ಅದು. ಮುತ್ತಜ್ಜನ ಚಿತ್ರದಲ್ಲಾದರೋ ಪೇಟದ ಜರಿಯಂಚಿನ ಮೇಲೆ ಹಳದಿ ಬಣ್ಣ ದಪ್ಪವಾಗಿ ನಿಂತು, ತನ್ನದೇ ಸಣ್ಣ ನೆರಳನ್ನು ಚೆಲ್ಲುತ್ತಿತ್ತು. ಕುಂಚದ ಗೆರೆಗಳು ಪೇಟದ ಸುತ್ತುಗಳನ್ನು ಅನುಸರಿಸಿಯೇ ಸಾಗಿದ್ದವು. ಚುಕ್ಕೆಗಳಿರಲಿಲ್ಲ, ಒಂದು ಬಣ್ಣ ಇನ್ನೊಂದರಲ್ಲಿ ಕಲಸಿಕೊಂಡಿತ್ತು.

“ಮೇಷ್ಟ್ರೇ, ಇಷ್ಟಕ್ಕೇ ತೀರ್ಮಾನ ಬೇಡ” ಎಂದನು ಶಿಷ್ಯ. “ನುಣುಪಾಗಿ ಬರೆದ ಅಸಲು ಚಿತ್ರದಲ್ಲಿ ಉಬ್ಬುಗಳೇ ಇರುವುದಿಲ್ಲ. ಅಚ್ಚಿನ ಮೇಲೆ ದಪ್ಪ ಅಂಟು ಬಳಿದು ಕುಂಚದ ಗೆರೆ ಮೂಡಿಸುವವರೂ ಉಂಟು.”

ಆಮೇಲೆ ಅವನು ಪಟಗಳ ಚೌಕಟ್ಟನ್ನು ಬಿಚ್ಚಿದನು. ಲಕ್ಷ್ಮಿಯ ಹಿಂದೆಯೂ ಬಟ್ಟೆಯಿತ್ತು! ಮಿತ್ರರ ಮುಖ ಅರಳಿತು. ಆದರೆ ಅಂಚನ್ನು ನೋಡಿದಾಗ ಬಟ್ಟೆಗೂ ಬಣ್ಣಕ್ಕೂ ನಡುವೆ ಕಾಗದದ ಪದರವೊಂದು ಕಂಡಿತು. ಚೌಕಟ್ಟಿನ ಮರೆಯಲ್ಲಿದ್ದ ಕೆಳತುದಿಯಲ್ಲಿ ಮುದ್ರಣಾಲಯದ ಹೆಸರೂ ಅಚ್ಚಾಗಿತ್ತು. ಮುತ್ತಜ್ಜನ ಚಿತ್ರದ ಹಿಂಬದಿಯ ಬಟ್ಟೆ ಕಂದುಬಣ್ಣಕ್ಕೆ ತಿರುಗಿತ್ತು. ಅದನ್ನು ಮರದ ಪಟ್ಟಿಗಳ ಮೇಲೆ ಮಡಚಿ ಹೊಡೆದ ಮೊಳೆಗಳು ತುಕ್ಕು ಹಿಡಿದಿದ್ದವು. ಅಂಚಿನಲ್ಲಿ ಬಟ್ಟೆ, ಅದರ ಮೇಲೆ ಬಿಳಿಯ ಲೇಪ, ಅದರ ಮೇಲೆ ಬಣ್ಣ, ಹೀಗೆ ಪದರಗಳು ಕ್ರಮವಾಗಿದ್ದವು. ಒಂದೆಡೆ ಹಿಂದಿನಿಂದ ತೇಪೆ ಹಚ್ಚಿದ್ದಿತು.

ಕೊನೆಯದಾಗಿ ನೇರಳಾತೀತ ಕಿರಣದ ದೀಪ. ಅದು ಕಣ್ಣಿಗೆ ಹಾನಿಕರವಾದುದರಿಂದ ಎಲ್ಲರೂ ತಕ್ಕ ಕನ್ನಡಕ ಧರಿಸಿದೆವು. ಕತ್ತಲಲ್ಲಿ ಎರಡು ಪಟಗಳೂ ಹಸಿರು ಮಂಜಿನಂತೆ ಹೊಳೆದವು. “ಹಾಗಾದರೆ ಎರಡೂ ಅಸಲೇ?” ಎಂದು ಮಿತ್ರರು ಆಸೆಯಿಂದ ಕೇಳಿದರು. ಆ ಹೊಳಪು ಬಣ್ಣದ್ದಲ್ಲ, ಮೇಲೆ ಬಳಿದ ಹಳೆಯ ವಾರ್ನಿಷಿನದು. ಅಚ್ಚಿಗೂ ವಾರ್ನಿಷ್ ಬಳಿದಿದ್ದರೆ ಅದೂ ಹಾಗೆಯೇ ಹೊಳೆಯುತ್ತದೆ. ಈ ದೀಪವು ಕೈಬರಹವನ್ನೂ ಅಚ್ಚನ್ನೂ ನೇರವಾಗಿ ಬೇರ್ಪಡಿಸಲಾರದು. ಅದು ತಿಳಿಸುವ ಸಂಗತಿಗಳು ಬೇರೆ. ಈಚಿನ ಎಷ್ಟೋ ಕಾಗದಗಳಲ್ಲಿ ಬಿಳುಪು ಹೆಚ್ಚಿಸುವ ರಾಸಾಯನಿಕವಿರುತ್ತದೆ. ಅಂಥ ಕಾಗದ ಈ ಬೆಳಕಿನಲ್ಲಿ ನೀಲಿಬಿಳುಪಾಗಿ ಪ್ರಜ್ವಲಿಸುತ್ತದೆ. ರವಿವರ್ಮನು ತೀರಿಕೊಂಡ 1906ರಲ್ಲಿ ಅಂಥ ಕಾಗದವಿರಲಿಲ್ಲ. ಲಕ್ಷ್ಮಿಯ ಕಾಗದದ ಅಂಚು ಹಾಗೆ ಹೊಳೆಯಲಿಲ್ಲವಾದ್ದರಿಂದ ಅದು ಹಳೆಯ ಅಚ್ಚೇ ಇರಬಹುದು. ಮುತ್ತಜ್ಜನ ಕೊರಳಪಟ್ಟಿಯ ಬಳಿ ಮಾತ್ರ ಅಂಗೈಯಗಲದ ಕಪ್ಪು ಕಲೆ ಕಂಡಿತು. ವಾರ್ನಿಷಿನ ಮೇಲೆ ಅನಂತರ ಬಳಿದ ಬಣ್ಣ ಹೀಗೆ ಕಪ್ಪಾಗಿ ತೋರುತ್ತದೆ. ಪಟವನ್ನು ತಿರುಗಿಸಿ ನೋಡಿದರೆ ಹಿಂದಿನ ತೇಪೆ ಸರಿಯಾಗಿ ಅದೇ ಜಾಗದಲ್ಲಿತ್ತು. ಎಂದೋ ಹರಿದ ಬಟ್ಟೆಯನ್ನು ಯಾರೋ ಹಿಂದಿನಿಂದ ಅಂಟಿಸಿ, ಮುಂದಿನಿಂದ ಬಣ್ಣ ತುಂಬಿದ್ದರು.

ಮೂರು ಪರೀಕ್ಷೆಗಳ ಸಾಕ್ಷ್ಯವೂ ಕೂಡಿಬಂದ ಮೇಲೆಯೇ ಶಿಷ್ಯನು ಬಾಯಿಬಿಟ್ಟನು: ಲಕ್ಷ್ಮಿಯದು ಅಚ್ಚು, ಮುತ್ತಜ್ಜನದು ಅಸಲು ತೈಲಚಿತ್ರ. ಅದನ್ನು ಬರೆದವರು ಯಾರೆಂಬುದನ್ನು ಈ ಪರೀಕ್ಷೆಗಳು ಹೇಳಲಾರವು. ಚಿತ್ರದಲ್ಲಿ ಸಹಿಯೂ ಇರಲಿಲ್ಲ.

ಮರುದಿನ ವ್ಯಾಪಾರಿ ಬಂದಾಗ ಲಕ್ಷ್ಮಿ ದೇವರ ಮನೆಯಲ್ಲಿದ್ದಳು. ಮುತ್ತಜ್ಜ ಪಡಸಾಲೆಯ ಗೋಡೆಯ ಮೇಲಿದ್ದರು. ವ್ಯಾಪಾರಿ ಅವರತ್ತ ಒಮ್ಮೆ ನೋಡಿ, ಏನೂ ಕೇಳದೆ ಚಪ್ಪಲಿ ಮೆಟ್ಟಿಕೊಂಡನು.