ಬಂಡೂರು ಟಗರಿನ ಫೋಟೊ ನೋಡುವ ಬಗೆ

‘ಒರಿಜಿನಲ್ ಬಂಡೂರು, ಎರಡು ಹಲ್ಲು, ಬೀಜಕ್ಕೆ ಒಳ್ಳೆ ಟಗರು’ ಎಂಬ ಒಂದು ಸಾಲು, ಜೊತೆಗೊಂದು ಫೋಟೊ, ಕೆಳಗೆ ರೇಟು. ಮಂಡ್ಯ, ಮೈಸೂರು, ರಾಮನಗರ ಕಡೆ ನಾಲ್ಕು ಕುರಿ ಕಟ್ಟಿಕೊಂಡವರ ವಾಟ್ಸ್‌ಆ್ಯಪ್‌ಗೆ ಇಂಥವು ಬರುತ್ತಲೇ ಇರುತ್ತವೆ. ಕೊಯ್ದು ತಿನ್ನುವುದಕ್ಕಾದರೆ ತಳಿ ಸ್ವಲ್ಪ ಹೆಚ್ಚುಕಡಿಮೆಯಾದರೂ ನಷ್ಟ ಒಂದೇ ಸಲದ್ದು. ಬೀಜದ ಟಗರಿನ ವಿಷಯ ಹಾಗಲ್ಲ. ಒಂದು ಟಗರು ಇಪ್ಪತ್ತು ಇಪ್ಪತ್ತೈದು ಕುರಿಗೆ ಸಾಕಾಗುತ್ತದೆ, ಗಬ್ಬ ಸುಮಾರು 150 ದಿನ, ಆಮೇಲೆ ಮರಿ ಬೆಳೆದು ಅದರ ಮೈಕಟ್ಟು ಗೊತ್ತಾಗಬೇಕು. ತಂದ ಟಗರು ಎಂಥದೆಂದು ತಿಳಿಯುವ ಹೊತ್ತಿಗೆ ಕೊಟ್ಟಿಗೆಯ ತುಂಬ ಅದರದೇ ಮರಿಗಳಿರುತ್ತವೆ.

ಬಂಡೂರು, ಅಥವಾ ಬನ್ನೂರು, ಮಂಡ್ಯ ಜಿಲ್ಲೆಯ ಮಳವಳ್ಳಿ ಸೀಮೆಯ ಕುರಿ. ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಸಂಸ್ಥೆಯ ತಳಿಪಟ್ಟಿಯಲ್ಲಿ ಇದಕ್ಕೆ ‘ಮಂಡ್ಯ’ ಎಂಬ ಹೆಸರಿದೆ. ಮಾಂಸದ ರುಚಿಗೆ ಹೆಸರಾದ ಕುರಿಯಾದ್ದರಿಂದ ಮಾಮೂಲಿ ಕುರಿಗಿಂತ ಬೆಲೆ ಬಹಳ ಮೇಲೆ. ಬೆಲೆ ಮೇಲಿರುವ ಕಡೆ ಬೆರಕೆಯೂ ಇದ್ದೇ ಇರುತ್ತದೆ.

ಮಾರುವವರು ಮೊದಲು ತೋರಿಸುವುದು ಬಣ್ಣ. ಮೈ ಬಿಳಿ, ಮುಖ ತಿಳಿಗಂದು, ಕೆಲವದರಲ್ಲಿ ಆ ಕಂದು ಕತ್ತಿನವರೆಗೂ ಇಳಿದಿರುತ್ತದೆ. ಬಂಡೂರಿನ ಬಣ್ಣ ಇದೇ ಎನ್ನುವುದು ನಿಜ. ಆದರೆ ಪಕ್ಕದ ಹಾಸನ ತಳಿಯ ಕುರಿಗೂ ಬಿಳಿ ಮೈಮೇಲೆ ಕಂದು ಅಥವಾ ಕಪ್ಪು ಮಚ್ಚೆಗಳಿರುತ್ತವೆ, ಊರಿನ ಬೆರಕೆ ಕುರಿಗಳಲ್ಲೂ ಕಂದು ಮುಖದವು ಬೇಕಾದಷ್ಟು ಸಿಗುತ್ತವೆ. ಕೊರಳಲ್ಲಿ ಜೋತುಬಿದ್ದ ಜೋಡಿ ಮೊಲೆಯನ್ನು ಕೈಯಲ್ಲಿ ಹಿಡಿದು ತೋರಿಸುವವರೂ ಇದ್ದಾರೆ. ಬಂಡೂರು ಕುರಿಗಳಲ್ಲಿ ಬಹಳಷ್ಟಕ್ಕೆ ಕೊರಳ ಮೊಲೆ ಇರುತ್ತದೆ, ನಿಜ. ಬೇರೆ ತಳಿಯ ಕುರಿಗಳಿಗೂ, ಎಷ್ಟೋ ಆಡುಗಳಿಗೂ ಇರುತ್ತದೆ. ಇದ್ದ ಮಾತ್ರಕ್ಕೆ ಬಂಡೂರಲ್ಲ, ಇಲ್ಲದ ಮಾತ್ರಕ್ಕೆ ಬೆರಕೆಯೂ ಅಲ್ಲ.

ಫೋಟೊದಲ್ಲಿ ಒಂದೇ ನೋಟಕ್ಕೆ ಖಚಿತವಾಗಿ ಹೇಳಬಹುದಾದ ಗುರುತು ಕೊಂಬು. ಬಂಡೂರಿನಲ್ಲಿ ಟಗರಿಗೂ ಕೊಂಬಿಲ್ಲ, ಹೆಣ್ಣಿಗೂ ಇಲ್ಲ. ಹಾಸನ ತಳಿಯ ಟಗರುಗಳಲ್ಲಿ ಕೊಂಬಿರುವವು ಸಾಕಷ್ಟಿವೆ. ಆದ್ದರಿಂದ ಟಗರಿನ ಹಣೆಯ ಮೇಲೆ ಕೊಂಬಿನ ಮೊಳಕೆಯಷ್ಟು ಕಂಡರೂ, ಸುಟ್ಟು ಅಥವಾ ಕೊಯ್ದು ತೆಗೆದ ಗಾಯದ ಗುರುತಿದ್ದರೂ ಆ ಮಾತುಕತೆ ಅಲ್ಲಿಗೇ ಮುಗಿಸಬಹುದು. ಇದರ ತಿರುವುಮುರುವು ಮಾತ್ರ ನಡೆಯುವುದಿಲ್ಲ. ಕೊಂಬಿಲ್ಲದ ಬೆರಕೆ ಟಗರುಗಳು ಸಂತೆ ತುಂಬ ಇವೆ. ಫೋಟೊ ನೋಡಿ ತಳಿ ಹೇಳುವ ಕೆಲಸವೆಲ್ಲ ಬಹುಪಾಲು ಹೀಗೇ. ‘ಇದು ಅಲ್ಲ’ ಎಂದು ಗಟ್ಟಿಯಾಗಿ ಹೇಳಬಹುದು. ‘ಇದೇ’ ಎಂದು ಹೇಳಲು ಫೋಟೊ ಸಾಲದು.

ಮಳವಳ್ಳಿ ಕಡೆಯ ಹಿರಿಯರೊಬ್ಬರಿಗೆ ಇಂಥದೊಂದು ಫೋಟೊ ತೋರಿಸಿದಾಗ ಅವರು ಮೊಬೈಲನ್ನು ಕೈಗೂ ತೆಗೆದುಕೊಳ್ಳಲಿಲ್ಲ. “ಮಕ ನೋಡಿ ಮರುಳಾಗ್ಬ್ಯಾಡ ಕಣ್ ಮಗ, ಹಿಂದ್ಗಡೆದು ಕಳ್ಸು ಅನ್ನು” ಎಂದರು. ಬಂಡೂರಿನ ಗುಟ್ಟೆಲ್ಲ ಇರುವುದು ಹಿಂಭಾಗದಲ್ಲೇ. ಟಗರನ್ನು ಸಮನೆಲದ ಮೇಲೆ ನಿಲ್ಲಿಸಿ ಸರಿಯಾಗಿ ಬಾಲದ ನೇರಕ್ಕೆ ನೋಡಿದರೆ ಬೆನ್ನು ಅಗಲವಾಗಿ, ತೊಡೆಯ ಮಾಂಸ ಎರಡೂ ಬದಿ ದುಂಡಗೆ ತುಂಬಿ ಕೆಳಗಿಳಿದು, ಕಾಲುಗಳು ದೂರ ದೂರ ನಿಂತಿರುತ್ತವೆ. ಎರಡು ಕಾಲಿನ ನಡುವಿನ ಖಾಲಿ ಜಾಗದ ಮೇಲ್ತುದಿ ಕಮಾನಿನಂತೆ ಗುಂಡಗಿರುತ್ತದೆ. ಇಂಗ್ಲಿಷಿನ ಯು ಅಕ್ಷರವನ್ನು ತಲೆಕೆಳಗು ಮಾಡಿದ ಆಕಾರ ಎಂದು ಪಶುವಿಜ್ಞಾನದ ಪುಸ್ತಕಗಳು ಬರೆಯುವುದು ಇದನ್ನೇ. ಮಾಮೂಲಿ ಕುರಿಯಲ್ಲಿ ಆ ಜಾಗ ಮೇಲಕ್ಕೆ ಹೋಗುತ್ತ ಕಿರಿದಾಗಿ ಚೂಪಾಗುತ್ತದೆ, ತೊಡೆ ಒಣಗಿದಂತೆ ಕಾಣುತ್ತದೆ. ಇಲ್ಲೊಂದು ಎಚ್ಚರ ಬೇಕು. ಚೆನ್ನಾಗಿ ಮೇಯಿಸಿ ನೀರು ಕುಡಿಸಿದ ಯಾವ ಕುರಿಯೂ ಹಿಂದಿನಿಂದ ದುಂಡಗೇ ಕಾಣುತ್ತದೆ. ಆದರೆ ಮೇವಿನ ಹೊಟ್ಟೆ ಇರುವುದು ಪ್ರಾಣಿಯ ಎಡಭಾಗದಲ್ಲಿ. ಉಬ್ಬು ಎಡಕ್ಕಷ್ಟೇ ಹೆಚ್ಚಿದ್ದರೆ ಅದು ಹೊಟ್ಟೆ ತುಂಬಿದ್ದು, ತಳಿಯದ್ದಲ್ಲ. ಹೊಟ್ಟೆ ಬಿಟ್ಟು ತೊಡೆಯನ್ನೇ ನೋಡಬೇಕು.

ಎರಡನೆಯದು ಕಾಲು. ಬಂಡೂರು ಗಿಡ್ಡಗಾಲಿನ ಕುರಿ. ಪೂರ್ಣ ಬೆಳೆದ ಟಗರು ಸುಮಾರು 35 ಕಿಲೊ, ಹೆಣ್ಣು 24 ಕಿಲೊ ಆಸುಪಾಸು. ಅಷ್ಟು ತೂಕವೂ ನೆಲಕ್ಕೆ ಹತ್ತಿರದಲ್ಲೇ ಇರುತ್ತದೆ. ಪಕ್ಕದಿಂದ ತೆಗೆದ ಫೋಟೊದಲ್ಲಿ ಇದನ್ನು ಅಳೆಯಲು ಒಂದು ಕಾಗದದ ಚೂರು ಸಾಕು. ಮುಂಗಾಲಿನ ನೇರಕ್ಕೆ ಹೆಗಲಿನಿಂದ ಎದೆಯ ತಳದವರೆಗೆ ಎಷ್ಟಿದೆ ಎಂದು ಕಾಗದದ ಮೇಲೆ ಗುರುತು ಹಾಕಿ, ಆ ಕಾಗದವನ್ನೇ ಎದೆಯ ತಳದಿಂದ ನೆಲದವರೆಗೆ ಹಿಡಿಯಬೇಕು. ಒಳ್ಳೆಯ ಬಂಡೂರಿನಲ್ಲಿ ಎರಡೂ ಹೆಚ್ಚುಕಡಿಮೆ ಸಮವಿರುತ್ತವೆ, ಇಲ್ಲವೇ ಎದೆಯದೇ ಒಂದು ಕೈ ಮೇಲಿರುತ್ತದೆ. ಕೆಳಗಿನ ಅಳತೆ ಎದ್ದು ಕಾಣುವಷ್ಟು ಉದ್ದವಿದ್ದರೆ ಉದ್ದಗಾಲಿನ ರಕ್ತ ಎಲ್ಲೋ ಸೇರಿದೆ ಎಂದರ್ಥ. ಮೂರು ನಾಲ್ಕು ತಿಂಗಳ ಮರಿಗೆ ಮಾತ್ರ ಈ ಅಳತೆ ಹಿಡಿಯಬಾರದು. ಯಾವ ತಳಿಯದಾದರೂ ಎಳೆಮರಿ ಎದೆಗಿಂತ ಕಾಲೇ ಉದ್ದವಾಗಿ ಕಾಣುತ್ತದೆ.

ಕ್ಯಾಮೆರಾ ಮೋಸ ಮಾಡುವುದೂ ಇಲ್ಲಿಯೇ. ನಿಂತುಕೊಂಡು, ಹತ್ತಿರದಿಂದ, ಮೇಲಿನಿಂದ ಕೆಳಕ್ಕೆ ಫೋಟೊ ಹೊಡೆದರೆ ಬೆನ್ನು ಅಗಲವಾಗಿ ಕಾಲು ಗಿಡ್ಡವಾಗಿ ಕಾಣುತ್ತದೆ. ಎಂಥ ಉದ್ದಗಾಲಿನ ಟಗರೂ ಅರ್ಧ ಬಂಡೂರಾಗಿಬಿಡುತ್ತದೆ! ಮೊಣಕಾಲುದ್ದ ಹುಲ್ಲಿನಲ್ಲಿ ನಿಲ್ಲಿಸಿದರೂ ಅಷ್ಟೇ. ಇವೆಲ್ಲ ಬೇಕೆಂದೇ ಮಾಡಿದ್ದೆಂದೇನಲ್ಲ. ಜನ ಫೋಟೊ ತೆಗೆಯುವುದೇ ಹಾಗೆ. ಆದ್ದರಿಂದ ಬಂದ ಫೋಟೊ ನೋಡುತ್ತ ಕೂರುವುದಕ್ಕಿಂತ ಬೇಕಾದ ಫೋಟೊ ಕೇಳಿ ತರಿಸಿಕೊಳ್ಳುವುದು ಲೇಸು. ಗಟ್ಟಿ ನೆಲದ ಮೇಲೆ ಟಗರನ್ನು ನಿಲ್ಲಿಸಿ, ತೆಗೆಯುವವರು ಎರಡು ಮೂರು ಮೀಟರ್ ದೂರದಲ್ಲಿ ಕುಕ್ಕರಗಾಲಲ್ಲಿ ಕೂತು, ಮೊಬೈಲನ್ನು ಟಗರಿನ ಹೊಟ್ಟೆಯ ಎತ್ತರಕ್ಕೆ ಹಿಡಿದು ಪಕ್ಕದಿಂದ ಒಂದು, ಬಾಲದ ಕಡೆಯಿಂದ ಒಂದು ತೆಗೆಯಲಿ. ಹೆಗಲಿನ ಪಕ್ಕ ಅಡಿಗೊಂದು ಗುರುತಿರುವ ಕೋಲು ನಿಲ್ಲಿಸಿದ್ದರೆ ಎತ್ತರವೂ ತಿಳಿಯುತ್ತದೆ. ಮೂರನೆಯದು ತುಟಿ ಸರಿಸಿ ತೆಗೆದ ಹಲ್ಲಿನ ಫೋಟೊ.

ಹಲ್ಲು ತಳಿ ಹೇಳುವುದಿಲ್ಲ, ವಯಸ್ಸು ಹೇಳುತ್ತದೆ. ಕುರಿಗೆ ಮುಂದಿನ ಹಲ್ಲು ಕೆಳದವಡೆಯಲ್ಲಿ ಮಾತ್ರ, ಒಟ್ಟು ಎಂಟು. ಎಲ್ಲವೂ ಸಣ್ಣ ಹಾಲುಹಲ್ಲಾದರೆ ವರ್ಷದೊಳಗಿನದು. ನಡುವೆ ಎರಡು ಅಗಲವಾದ ಹಲ್ಲು ಬಂದಿದ್ದರೆ ಒಂದರಿಂದ ಒಂದೂವರೆ ವರ್ಷ, ನಾಲ್ಕಾದರೆ ಎರಡು ವರ್ಷದ ಆಸುಪಾಸು. ಎಂಟೂ ಬಂದು ಬಾಯಿಗೂಡಿದ್ದರೆ ನಾಲ್ಕು ವರ್ಷಕ್ಕೆ ಹತ್ತಿರ ಅಥವಾ ಮೇಲೆ. ‘ಎರಡು ಹಲ್ಲು’ ಎಂದು ಬರೆದ ಟಗರಿನ ಬಾಯಲ್ಲಿ ಆರು ಅಗಲ ಹಲ್ಲು ಕಂಡರೆ ಉಳಿದ ಮಾತುಗಳನ್ನೂ ಆ ಲೆಕ್ಕದಲ್ಲೇ ತೂಗಬೇಕು. ಅದೇ ಫೋಟೊದಲ್ಲಿ ಕೆಳಹಲ್ಲು ಮೇಲಿನ ವಸಡಿಗೆ ಸರಿಯಾಗಿ ಕೂರುತ್ತದೆಯೇ ಎಂದೂ ನೋಡಬೇಕು. ದವಡೆ ಮುಂದಕ್ಕೋ ಹಿಂದಕ್ಕೋ ಸರಿದಿರುವ ದೋಷ ಮರಿಗಳಿಗೂ ಇಳಿಯಬಹುದು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮದ್ದೂರು ಕಡೆಯ ರೈತರೊಬ್ಬರ ಹತ್ತಿರ ಹನ್ನೆರಡು ನಾಟಿ ಕುರಿಗಳಿವೆ, ಒಂದು ಟಗರು ಬೇಕು. ಕೇಳಿದ ಮೇಲೆ ಫೋಟೊಗಳು ಬಂದವು. ಪಕ್ಕದ ನೋಟದಲ್ಲಿ ಬಿಳಿ ಮೈ, ಕಂದು ಮುಖ, ಸ್ವಲ್ಪ ಉಬ್ಬಿದ ಮೂಗು, ಎಲೆಯಂತೆ ಜೋತ ಉದ್ದ ಕಿವಿ, ಗಿಡ್ಡ ಸಣಕಲು ಬಾಲ. ಕಾಗದದ ಅಳತೆ ಸಮಬಂತು. ಹಿಂದಿನ ನೋಟದಲ್ಲಿ ಕಾಲು ಅಗಲವಾಗಿದೆ, ತೊಡೆ ತುಂಬಿದೆ. ಬಾಯಲ್ಲಿ ಎರಡು ಅಗಲ ಹಲ್ಲು. ಫೋಟೊ ಹೇಳಬಹುದಾದ್ದೆಲ್ಲ ಸರಿಯಾಗಿಯೇ ಇದೆ. ಆದರೂ ಇದು ಬಂಡೂರು ಟಗರಿಗೂ ಬೇರೆ ಕುರಿಗೂ ಹುಟ್ಟಿದ ಮರಿಯಾಗಿದ್ದು, ಅಪ್ಪನ ಮೈಕಟ್ಟು ಹೊತ್ತು ಬಂದಿರಬಹುದು. ಅಂಥದ್ದನ್ನು ಬೀಜಕ್ಕೆ ಬಿಟ್ಟರೆ ತಾಯಿ ಕಡೆಯಿಂದ ಬಂದ ಅರ್ಧ ಆಗ ಹೊರಬೀಳುತ್ತದೆ. ಒಂದು ಮರಿ ಗಿಡ್ಡ, ಇನ್ನೊಂದು ಉದ್ದಗಾಲು, ಮತ್ತೊಂದಕ್ಕೆ ಕೊಂಬು.

ಹಾಗಾಗಿ ಆ ರೈತರು ಕೇಳಬೇಕಾದ ಮುಂದಿನ ಫೋಟೊ ಟಗರಿನದಲ್ಲ, ಅದು ಹುಟ್ಟಿದ ಮಂದೆಯದು. ತಾಯಿ, ಅಪ್ಪ, ಜೊತೆಮರಿಗಳು ಒಂದೇ ಅಚ್ಚಿನಂತಿದ್ದರೆ ನಂಬಿಕೆ ಬರುತ್ತದೆ. ಮಂದೆಯಲ್ಲಿ ಕರಿ, ಕೆಂಪು, ಉದ್ದಗಾಲು, ಕೊಂಬಿನವು ಎಲ್ಲ ಸೇರಿದ್ದು ಒಂದು ಟಗರು ಮಾತ್ರ ಬಂಡೂರಿನಂತಿದ್ದರೆ ಅದನ್ನು ಬೇರೆಲ್ಲಿಂದಲೋ ತಂದಿರಬೇಕು, ಇಲ್ಲವೇ ಅದು ಬೆರಕೆ. ಟಗರು ಆಗಲೇ ಓಡಾಡಿದ್ದರೆ ಅದರ ಮರಿಗಳನ್ನು ನೋಡುವುದಕ್ಕಿಂತ ದೊಡ್ಡ ಸಾಕ್ಷಿ ಇನ್ನೊಂದಿಲ್ಲ. ಮಳವಳ್ಳಿ ತಾಲ್ಲೂಕಿನ ಧನಗೂರಿನಲ್ಲಿ ಈ ತಳಿಗೆಂದೇ ಸರ್ಕಾರಿ ಕುರಿ ಸಂವರ್ಧನಾ ಕೇಂದ್ರವಿದೆ. ಅಲ್ಲಿಗೊಮ್ಮೆ ಹೋಗಿ ಮಂದೆಯನ್ನು ಕಣ್ತುಂಬ ನೋಡಿಕೊಂಡು ಬಂದರೆ ಫೋಟೊ ಓದುವ ಕಣ್ಣು ತಾನೇ ಪಳಗುತ್ತದೆ.

ಆಡಿನ ವಿಷಯದಲ್ಲಿ ಬಣ್ಣದ ಮೋಸ ಇನ್ನೂ ಜಾಸ್ತಿ. ಕರಿ ಆಡನ್ನೆಲ್ಲ ಉಸ್ಮಾನಾಬಾದಿ ಎನ್ನುತ್ತಾರೆ, ನಮ್ಮ ಬೀದರಿನ ಬಿದ್ರಿಯೂ ಕರಿಯದೇ. ಬಿಳಿ ಮೈಗೆ ಕೆಂಪು ತಲೆ ಕಂಡರೆ ಬೋಯರ್ ಎಂದು ಮೂರು ಪಟ್ಟು ಹೇಳುತ್ತಾರೆ. ನಾಟಿ ಮೇಕೆಗೆ ಬೋಯರ್ ಹೋತ ಕಟ್ಟಿದ ಮೊದಲ ಮರಿಯಲ್ಲೇ ಆ ಕೆಂಪು ತಲೆ ಬಂದುಬಿಡುವುದುಂಟು. ಅಲ್ಲೂ ಕಿವಿ, ಮೂಗಿನ ಉಬ್ಬು, ಎದೆಯ ಅಗಲ, ಹುಟ್ಟಿದ ಮಂದೆ, ಇವೇ ಆಧಾರ.

ನಮ್ಮ ಮದ್ದೂರಿನ ರೈತರಿಗೆ ಮಂದೆಯ ಫೋಟೊವೂ ಒಪ್ಪಿಗೆಯಾಯಿತು ಎನ್ನೋಣ. ಮುಂಗಡ ಕಳಿಸುವ ಮುಂಚೆ ಇನ್ನು ಹೋಗಿಯೇ ನೋಡಬೇಕು, ಕೈಲಿ ಒಂದು ಟೇಪು ಇರಲಿ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ 30 ಇಂಚು, ಹೆಗಲಿನ ಮೂಳೆಯಿಂದ ಪಿರ್ರೆಯ ಮೂಳೆಯವರೆಗಿನ ಉದ್ದ 25 ಇಂಚು ಬಂತೆಂದುಕೊಳ್ಳಿ. 30ನ್ನು 30ರಿಂದ, ಆಮೇಲೆ 25ರಿಂದ ಗುಣಿಸಿ 660ರಿಂದ ಭಾಗಿಸಿದರೆ 34 ಕಿಲೊ ಚಿಲ್ಲರೆ. ಮಾರುವವರು 45 ಕಿಲೊ ಎಂದು ಹೇಳಿದ್ದರೆ ಚೌಕಾಸಿ ಅಲ್ಲಿಂದಲೇ ಶುರುವಾಗಲಿ. ಆಮೇಲೆ ಕೈಯಿಂದ ಬೀಜ ಮುಟ್ಟಿ ನೋಡಬೇಕು. ಎರಡೂ ಕೆಳಗಿಳಿದು, ಒಂದೇ ಗಾತ್ರಕ್ಕೆ, ಗಟ್ಟಿಯಾಗಿರಬೇಕು. ಒಂದೇ ಬೀಜದ ಟಗರು ಎಷ್ಟೇ ಅಪ್ಪಟ ಬಂಡೂರಾಗಿರಲಿ, ಬೀಜಕ್ಕೆ ಬೇಡ. ಕಂದುಹಾಕುವ ಬ್ರುಸೆಲ್ಲಾ ರೋಗವಿದೆಯೇ ಎಂದು ತಿಳಿಯಲು ಪಶುವೈದ್ಯರಿಂದ ರಕ್ತಪರೀಕ್ಷೆ ಮಾಡಿಸಬೇಕು. ಮನೆಗೆ ತಂದ ಮೇಲೂ ಮೂರು ವಾರ ಬೇರೆ ಕೊಟ್ಟಿಗೆಯಲ್ಲಿ ಕಟ್ಟಿ, ಪಿಪಿಆರ್ ಲಸಿಕೆ ಆಗಿಲ್ಲದಿದ್ದರೆ ಹಾಕಿಸಿ, ಆಮೇಲೆ ಹನ್ನೆರಡು ಕುರಿಗಳ ನಡುವೆ ಬಿಡಬಹುದು. ಎರಡು ವರ್ಷ ಕಳೆದು ಅದರ ಹೆಣ್ಣುಮರಿಗಳು ಬೆದೆಗೆ ಬರುವ ಹೊತ್ತಿಗೆ ಆ ಟಗರನ್ನು ಇನ್ನೊಬ್ಬರಿಗೆ ದಾಟಿಸಿ ಬೇರೆ ತರಬೇಕಾಗುತ್ತದೆ. ಆಗ ಇವರೇ ಫೋಟೊ ತೆಗೆದು ಕಳಿಸುವವರು.