ಜೂನ್ 25ಕ್ಕೆ ಯಾವ ಋತು?

ಸ್ಕೂಲಲ್ಲಿ ನಾವೆಲ್ಲ ಎರಡು ಲಿಸ್ಟ್ ಬಾಯಿಪಾಠ ಮಾಡಿದ್ವಿ. ಇಂಗ್ಲಿಷ್ ಪುಸ್ತಕದಲ್ಲಿ ಸ್ಪ್ರಿಂಗ್, ಸಮ್ಮರ್, ಆಟಮ್, ವಿಂಟರ್. ಕನ್ನಡ ಪುಸ್ತಕದಲ್ಲಿ ವಸಂತ, ಗ್ರೀಷ್ಮ, ವರ್ಷ, ಶರದ್, ಹೇಮಂತ, ಶಿಶಿರ. ಈಗ 2024ರ ಜೂನ್ 25 ತಗೊಳ್ಳಿ. ಇಂಗ್ಲಿಷ್ ಲೆಕ್ಕದಲ್ಲಿ ಸಮ್ಮರ್ ಈಗಷ್ಟೇ ಶುರು. ಪಂಚಾಂಗದಲ್ಲಿ ಜ್ಯೇಷ್ಠ ಮಾಸ, ಅಂದ್ರೆ ಗ್ರೀಷ್ಮ. ಆದ್ರೆ ಕಿತ್ತೂರಿನ ರೈತರನ್ನ ಕೇಳಿದ್ರೆ, "ಬ್ಯಾಸಿಗಿ ಯಾವಾಗೋ ಮುಗೀತು, ಈಗ ಆರಿದ್ರಾ ಮಳಿ" ಅಂತಾರೆ. ಮೂರು ಉತ್ತರ ಯಾಕೆ ಬರ್ತಾವು?

ನಾಲ್ಕು ಋತುಗಳು ನಿಂತಿರೋದು ಸೂರ್ಯನ ಮೇಲೆ. ಭೂಮಿ ಸುಮಾರು 23.5 ಡಿಗ್ರಿ ವಾಲಿದೆ. ಅದರಿಂದ ಲಂಡನ್ನಿನಲ್ಲಿ ಜೂನ್ 21ರ ಹಗಲು ಹದಿನಾರೂವರೆ ತಾಸು ಇದ್ರೆ, ಡಿಸೆಂಬರ್ 21ರದು ಎಂಟು ತಾಸೂ ಇರಲ್ಲ. ಚಳಿ-ಬಿಸಿಲನ್ನ ಹಗಲಿನ ಉದ್ದವೇ ತೀರ್ಮಾನಿಸೋ ಊರಿಗೆ ಈ ವಿಭಾಗ ಸರಿ. ಬೈಲಹೊಂಗಲ ಇರೋದು ಸುಮಾರು 15.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಅತಿ ಉದ್ದದ ಹಗಲು ಹದಿಮೂರು ತಾಸು, ಅತಿ ಚಿಕ್ಕದು ಹನ್ನೊಂದು ತಾಸಿನ ಮೇಲೆ. ಸೂರ್ಯ ವರ್ಷಕ್ಕೆ ಎರಡು ಸಲ ನೆತ್ತಿ ಮೇಲೆ ಬರ್ತಾನೆ: ಮೇ ಮೊದಲ ವಾರ, ಮತ್ತೆ ಆಗಸ್ಟ್ ಎರಡನೇ ವಾರ. ಮೇನಲ್ಲಿ ಆಕಾಶ ಬಯಲಾಗಿರುತ್ತೆ, ಬಿಸಿಲು ಸುಡುತ್ತೆ. ಆಗಸ್ಟಿನಲ್ಲಿ ಮೋಡ ಅಡ್ಡ ಇರೋದ್ರಿಂದ ಅದೇ ಸೂರ್ಯ ಸುಡಲ್ಲ. ನಮ್ ಕಡೆ ಋತು ಬದಲಿಸೋದು ಹೆಚ್ಚಾಗಿ ಮೋಡ.

ಆರು ಋತುಗಳಲ್ಲಿ ಮಳೆಗೆ ಪ್ರತ್ಯೇಕ ಜಾಗ ಇದೆ. ಚೈತ್ರ-ವೈಶಾಖ ವಸಂತ, ಜ್ಯೇಷ್ಠ-ಆಷಾಢ ಗ್ರೀಷ್ಮ, ಶ್ರಾವಣ-ಭಾದ್ರಪದ ವರ್ಷ, ಹೀಗೆ ಎರಡೆರಡು ತಿಂಗಳಿಗೆ ಒಂದು. ಆದ್ರೆ ಇವು ಚಂದ್ರನ ತಿಂಗಳು. ಒಂದು ತಿಂಗಳಿಗೆ ಸುಮಾರು 29.5 ದಿನ, ಹನ್ನೆರಡಕ್ಕೆ 354. ಸೂರ್ಯನ ವರ್ಷಕ್ಕಿಂತ 11 ದಿನ ಕಡಿಮೆ. ಹಾಗೇ ಬಿಟ್ರೆ ಶ್ರಾವಣ ಜಾರುತ್ತಾ ಜಾರುತ್ತಾ ಬೇಸಿಗೆಗೇ ಬಂದುಬಿಡುತ್ತೆ. ಅದಕ್ಕೇ ಯಾವ ಚಾಂದ್ರ ತಿಂಗಳಲ್ಲಿ ಸೂರ್ಯ ಹೊಸ ರಾಶಿಗೆ ಹೋಗಲ್ವೋ ಅದನ್ನ ಅಧಿಕ ಮಾಸ ಅಂತ ಸೇರಿಸ್ತಾರೆ. ಸುಮಾರು ಮೂವತ್ತೆರಡು-ಮೂವತ್ಮೂರು ತಿಂಗಳಿಗೊಮ್ಮೆ ಇದು ಬರುತ್ತೆ.

ಇದನ್ನ ಸವದತ್ತಿ ಎಲ್ಲಮ್ಮನ ಜಾತ್ರೆಯಲ್ಲಿ ನೋಡಬಹುದು. ಭಾರತ ಹುಣ್ಣಿಮೆ ಅಂದ್ರೆ ಮಾಘದ ಹುಣ್ಣಿಮೆ, ಶಿಶಿರ ಋತು. 2023ರಲ್ಲಿ ಅದು ಫೆಬ್ರವರಿ 5ಕ್ಕೆ ಇತ್ತು. ಆ ವರ್ಷ ಅಧಿಕ ಶ್ರಾವಣ ಬಂತು, ಹಾಗಾಗಿ 2024ರಲ್ಲಿ ಫೆಬ್ರವರಿ 24ಕ್ಕೆ ಜಿಗೀತು. ಆಮೇಲೆ 2025ರಲ್ಲಿ ಫೆಬ್ರವರಿ 12, 2026ರಲ್ಲಿ ಫೆಬ್ರವರಿ 1. ವರ್ಷಕ್ಕೆ ಹನ್ನೊಂದು-ಹನ್ನೆರಡು ದಿನ ಹಿಂದೆ ಸರಿದು, ಅಧಿಕ ಮಾಸ ಬಂದಾಗ ಒಮ್ಮೆಲೇ ಮುಂದೆ. ಋತುವೂ ತಿಂಗಳ ಜೊತೆಗೇ ಓಲಾಡುತ್ತೆ. 2024ರಲ್ಲಿ ಗ್ರೀಷ್ಮ ಜೂನ್ 7ಕ್ಕೆ ಶುರುವಾಗಿ ಆಗಸ್ಟ್ 4ರವರೆಗೆ ಇತ್ತು. ಮುಂಗಾರು ಜೂನ್ ಕೊನೆಗೆ ಮುಟ್ಟೋ ದೆಹಲಿ ಕಡೆಗೆ ಈ ಆರರ ಲೆಕ್ಕ ಒಂದಿಷ್ಟು ಹೊಂದುತ್ತೆ. ಜೂನ್ ಮೊದಲಲ್ಲೇ ಮಳೆ ಹಿಡಿಯೋ ನಮ್ಮ ಕಡೆಗೆ ಅದೂ ತಡವೇ.

ಜಾತ್ರೆ ಹದಿನೈದು ದಿನ ಹಿಂದೆ ಮುಂದೆ ಆದ್ರೆ ನಡೆಯುತ್ತೆ, ಬಿತ್ತನೆ ಆಗಲ್ಲ. ಅದಕ್ಕೆ ರೈತರು ಇಟ್ಟುಕೊಂಡಿರೋದು ಮಳೆ ನಕ್ಷತ್ರ. ಸೂರ್ಯ ಸಾಗೋ ದಾರಿಯನ್ನ 27 ನಕ್ಷತ್ರಗಳಿಗೆ ಹಂಚಿದ್ರೆ ಒಂದೊಂದಕ್ಕೆ ಹದಿಮೂರು-ಹದಿನಾಲ್ಕು ದಿನ. ಇಲ್ಲಿ ಚಂದ್ರನ ಲೆಕ್ಕ ಇಲ್ಲ, ಹಾಗಾಗಿ ಇಂಗ್ಲಿಷ್ ತಾರೀಖಿನಲ್ಲಿ ಹೆಚ್ಚುಕಡಿಮೆ ಅಲುಗಾಡಲ್ಲ: ಮಿರಗ ಜೂನ್ 7-8ಕ್ಕೆ, ಆರಿದ್ರಾ 21-22ಕ್ಕೆ, ಉತ್ತರಿ ಸೆಪ್ಟೆಂಬರ್ 13ರ ಆಸುಪಾಸು, ಹಸ್ತ ಅದೇ ತಿಂಗಳ ಕೊನೆಗೆ.

ಆದ್ರೆ ನಕ್ಷತ್ರ ಹೇಳೋದು ಕಾಲ ಮಾತ್ರ, ಮಳೆ ಬೀಳುತ್ತೆ ಅನ್ನೋ ಗ್ಯಾರಂಟಿ ಅಲ್ಲ. ಕಿತ್ತೂರು ಪಶ್ಚಿಮ ಘಟ್ಟಕ್ಕೆ ಹತ್ತಿರ, ಅಲ್ಲಿ ಮುಂಗಾರಿ ಮಳೆಗೆ ಭತ್ತ ಬೆಳೀತಾರೆ. ಪೂರ್ವಕ್ಕೆ ಹೋದಂಗೆ ಘಟ್ಟದ ಮರೆ ಹೆಚ್ಚಾಗಿ ಮಳೆ ಕಡಿಮೆ. ರಾಮದುರ್ಗದ ಕಡೆ ಎರಿ ಹೊಲದವರು ಉತ್ತರಿ, ಹಸ್ತದ ಮಳೆಗೆ ಕಾಯ್ತಾರೆ. ಆ ನೀರನ್ನ ಕರಿ ಮಣ್ಣು ಹಿಡಿದಿಟ್ಟುಕೊಂಡ್ರೆ ಹಿಂಗಾರಿ ಜೋಳ, ಕಡಲೆ ಬರುತ್ತೆ. ಪಂಚಾಂಗ ಶರದ್ ಅಂತ, ಅಂದ್ರೆ ತಿಳಿ ಆಕಾಶದ ಋತು ಅಂತ ಹೇಳೋ ಅಕ್ಟೋಬರಿನಲ್ಲಿ ಅವರು ಇನ್ನೂ ಮೋಡ ನೋಡ್ತಿರ್ತಾರೆ.

ಹಾಗಾಗಿ ಮುಂದೆ ಯಾರಾದ್ರೂ "ಶ್ರಾವಣ ಅಂದ್ರೆ ಆಗಸ್ಟ್" ಅಂದ್ರೆ, ಯಾವ ವರ್ಷದ್ದು ಅಂತ ಕೇಳಿ. "ಮಿರಗ ಅಂದ್ರೆ ಜೂನ್" ಅಂದ್ರೆ ಸುಮ್ಮನೆ ಒಪ್ಪಿಕೊಳ್ಳಬಹುದು.