ಬೇಸಿಗೆಯ ಖರೀದಿ, ದೀಪಾವಳಿಯ ವಸೂಲಿ: ಗೇರುಬೀಜ ಕಾರ್ಖಾನೆಯ ಸಾಲಮಿತಿಯ ಲೆಕ್ಕ

ಕರಾವಳಿಯ ಗೇರುಬೀಜ ಮಾರುಕಟ್ಟೆಗೆ ಬರುವುದು ಮುಖ್ಯವಾಗಿ ಮಾರ್ಚ್‌ನಿಂದ ಮೇ ತಿಂಗಳವರೆಗೆ ಮಾತ್ರ. ಜೂನ್ ಮೊದಲ ವಾರದಲ್ಲಿ ಮಳೆ ಹಿಡಿದರೆ ತೋಟದಲ್ಲಿ ಉಳಿದ ಬೀಜ ಒದ್ದೆಯಾಗಿ ದಾಸ್ತಾನಿಗೆ ಯೋಗ್ಯವಾಗಿರುವುದಿಲ್ಲ. ಆದರೆ ಆ ಬೀಜವನ್ನು ಹಬೆಯಲ್ಲಿ ಬೇಯಿಸಿ, ಒಡೆದು, ತಿರುಳನ್ನು ಒಣಗಿಸಿ, ಸಿಪ್ಪೆ ಸುಲಿದು, ದರ್ಜೆಯ ಪ್ರಕಾರ ವಿಂಗಡಿಸಿ ಡಬ್ಬಕ್ಕೆ ತುಂಬುವ ಕೆಲಸ ವರ್ಷವಿಡೀ ನಡೆಯಬೇಕಾಗುತ್ತದೆ, ಏಕೆಂದರೆ ನುರಿತ ಕಾರ್ಮಿಕರನ್ನು ಮೂರು ತಿಂಗಳು ಕರೆದು ಒಂಬತ್ತು ತಿಂಗಳು ಮನೆಗೆ ಕಳುಹಿಸಿದರೆ ಮುಂದಿನ ವರ್ಷ ಅವರು ಮರಳಿ ಬರುವ ಭರವಸೆ ಇರುವುದಿಲ್ಲ. ಹೀಗಾಗಿ ಕಾರ್ಕಳ, ಕುಂದಾಪುರಗಳ ಕಡೆಯ ಸಣ್ಣ ಕಾರ್ಖಾನೆಯೊಂದು ಊರಿನ ಬೀಜವನ್ನೇ ನಂಬಿದ್ದರೆ, ಅದರ ಹಣ ಬೇಸಿಗೆಯಲ್ಲಿ ಒಮ್ಮೆಗೇ ಹೊರಹೋಗಿ, ನವರಾತ್ರಿ ದೀಪಾವಳಿಗಳ ಹೊತ್ತಿಗೆ ನಿಧಾನವಾಗಿ ಹಿಂದಿರುಗುತ್ತದೆ. ಈ ಎರಡರ ನಡುವಿನ ಅಂತರವನ್ನು ಮಾಲೀಕ ಬ್ಯಾಂಕಿನ ಮುಂದೆ ಹೇಗೆ ವಿವರಿಸುತ್ತಾನೆ ಎಂಬುದರ ಮೇಲೆ ಅವನ ದುಡಿಯುವ ಬಂಡವಾಳದ, ಅಂದರೆ ಕಚ್ಚಾಮಾಲು ಕೊಂಡು ಕೂಲಿ ಕೊಟ್ಟು ಸರಕು ಮಾರಿ ಹಣ ವಸೂಲಾಗುವವರೆಗಿನ ಖರ್ಚನ್ನು ಹೊರುವ ಬಂಡವಾಳದ, ಮಿತಿ ಹೆಚ್ಚಾಗುವುದು ನಿಂತಿದೆ.

ಸಣ್ಣ ಉದ್ಯಮಗಳಿಗೆ ಬ್ಯಾಂಕುಗಳು ಈ ಸಾಲವನ್ನು ಹೆಚ್ಚಾಗಿ ಕ್ಯಾಶ್ ಕ್ರೆಡಿಟ್ ಖಾತೆಯ ರೂಪದಲ್ಲಿ ಕೊಡುತ್ತವೆ. ಮಂಜೂರಾದ ಮಿತಿಯೊಳಗೆ ಬೇಕಾದಾಗ ಹಣ ತೆಗೆದು, ಮಾರಾಟದ ಹಣ ಬಂದಾಗ ತುಂಬಿ, ಬಾಕಿ ಇದ್ದಷ್ಟು ದಿನಕ್ಕೆ ಮಾತ್ರ ಬಡ್ಡಿ ಕಟ್ಟುವ ವ್ಯವಸ್ಥೆ ಅದು. ಮಿತಿಯನ್ನು ನಿಗದಿ ಮಾಡಲು ಈಗಲೂ ಬಳಕೆಯಲ್ಲಿರುವ ಸರಳ ಸೂತ್ರ ರಿಸರ್ವ್ ಬ್ಯಾಂಕ್ ನೇಮಿಸಿದ್ದ ಪಿ.ಆರ್. ನಾಯಕ್ ಸಮಿತಿಯ 1992ರ ವರದಿಯಿಂದ ಬಂದದ್ದು. ಮುಂದಿನ ವರ್ಷದ ಅಂದಾಜು ವಹಿವಾಟಿನ ಶೇ 25ರಷ್ಟು ದುಡಿಯುವ ಬಂಡವಾಳ ಬೇಕೆಂದು ಇಟ್ಟುಕೊಂಡು, ಅದರಲ್ಲಿ ವಹಿವಾಟಿನ ಶೇ 20ರಷ್ಟನ್ನು ಬ್ಯಾಂಕ್ ಕೊಡಬೇಕು, ಶೇ 5ರಷ್ಟನ್ನು ಮಾಲೀಕ ತರಬೇಕು ಎನ್ನುವುದು ಅದರ ಸಾರ. ಇಲ್ಲಿ ಅಡಗಿರುವ ಊಹೆಯೇ ಮುಖ್ಯ: ಹಾಕಿದ ಹಣ ಮೂರು ತಿಂಗಳಿಗೊಮ್ಮೆ ಸುತ್ತಿ ಬರುತ್ತದೆ, ವರ್ಷಕ್ಕೆ ನಾಲ್ಕು ಸುತ್ತು ಮುಗಿಸುತ್ತದೆ ಎಂದು ಸೂತ್ರ ಭಾವಿಸುತ್ತದೆ. ಮೇ ತಿಂಗಳಲ್ಲಿ ಕೊಂಡ ಬೀಜ ಮರುವರ್ಷದ ಜನವರಿಯಲ್ಲಿ ಒಡೆಯಲ್ಪಡುವ ಉದ್ಯಮಕ್ಕೆ ಈ ಊಹೆ ಹೊಂದುವುದಿಲ್ಲ. ಶೇ 20 ಎಂಬುದು ಕನಿಷ್ಠವೇ ಹೊರತು ಗರಿಷ್ಠವಲ್ಲವೆಂದೂ, ಉತ್ಪಾದನಾ ಚಕ್ರ ದೀರ್ಘವಾಗಿದ್ದರೆ ಹೆಚ್ಚಿನ ಅಗತ್ಯವನ್ನು ಪರಿಶೀಲಿಸಬಹುದೆಂದೂ ನಿಯಮವೇ ಒಪ್ಪುತ್ತದೆ, ಆದರೆ ಶಾಖೆಯ ಮಟ್ಟದಲ್ಲಿ ಕಂಪ್ಯೂಟರ್ ತೋರಿಸಿದ ಶೇ 20ರ ಅಂಕಿಯೇ ಕೊನೆಯ ಮಾತಾಗುವುದು ಸಾಮಾನ್ಯ.

ಲೆಕ್ಕ ಸ್ಪಷ್ಟವಾಗಲೆಂದು ಒಂದು ಕಾಲ್ಪನಿಕ ಕಾರ್ಖಾನೆಯನ್ನು, ದುಂಡು ಸಂಖ್ಯೆಗಳ ದರಗಳೊಂದಿಗೆ, ತೆಗೆದುಕೊಳ್ಳಬಹುದು. ಅದು ತಿಂಗಳಿಗೆ 20 ಟನ್‌ನಂತೆ ವರ್ಷಕ್ಕೆ 240 ಟನ್, ಅಂದರೆ 80 ಕಿಲೋ ತೂಕದ 3,000 ಮೂಟೆ ಬೀಜ ಒಡೆಯುತ್ತದೆ. ಕಿಲೋಗೆ ₹120ರಂತೆ ಬೀಜದ ವೆಚ್ಚ ₹2.88 ಕೋಟಿ. ಮೂಟೆಗೆ ಸರಾಸರಿ 21 ಕಿಲೋ ತಿರುಳು ಸಿಕ್ಕಿ, ಇಡಿ ಗೋಡಂಬಿ ಮತ್ತು ಹೋಳು ಎಲ್ಲ ಸೇರಿ ಕಿಲೋಗೆ ₹600 ಬಿದ್ದರೆ ವರ್ಷದ ಮಾರಾಟ ₹3.78 ಕೋಟಿ. ಕೂಲಿ, ಉರುವಲು, ವಿದ್ಯುತ್, ಬಡ್ಡಿಗಳಿಗೆ ತಿಂಗಳಿಗೆ ₹5 ಲಕ್ಷ ತಗಲುತ್ತದೆಂದು ಇಟ್ಟುಕೊಂಡರೆ, ತೆರಿಗೆ ಮತ್ತು ಮನೆಖರ್ಚಿಗೆ ಮೊದಲು ವರ್ಷಕ್ಕೆ ₹30 ಲಕ್ಷ ಉಳಿಯುತ್ತದೆ. ಲಾಭದಲ್ಲಿರುವ ಉದ್ಯಮವೇ ಅದು. ನಾಯಕ್ ಸೂತ್ರದಂತೆ ಅದಕ್ಕೆ ಸಿಗುವ ಮಿತಿ ಸುಮಾರು ₹75 ಲಕ್ಷ.

ಈ ಕಾರ್ಖಾನೆ ಮಾರ್ಚ್‌ನಲ್ಲಿ 60, ಏಪ್ರಿಲ್‌ನಲ್ಲಿ 100, ಮೇ ತಿಂಗಳಲ್ಲಿ 80 ಟನ್ ಬೀಜವನ್ನು ನಗದು ಕೊಟ್ಟು ಕೊಳ್ಳುತ್ತದೆ. ರೈತನಾಗಲಿ ಊರಿನ ಸಣ್ಣ ವ್ಯಾಪಾರಿಯಾಗಲಿ ಈ ಕಾಲದಲ್ಲಿ ಉದ್ದರಿ ಕೊಡುವುದು ಅಪರೂಪ. ಮೂರು ತಿಂಗಳಲ್ಲಿ ಖರೀದಿ ಮತ್ತು ಇತರ ಖರ್ಚಿಗೆ ₹3.03 ಕೋಟಿ ಹೊರಹೋದರೆ, ಹಿಂದಿನ ಮಾರಾಟದ ವಸೂಲಿಯೂ ಸೇರಿ ಒಳಬರುವುದು ₹78 ಲಕ್ಷ ಮಾತ್ರ. ಮೇ ಕೊನೆಯಲ್ಲಿ ಅಂತರ ₹2.25 ಕೋಟಿಗೆ ಮುಟ್ಟುತ್ತದೆ. ಮಾರ್ಚ್ ಆರಂಭದಲ್ಲಿ ಮಾಲೀಕನ ಕೈಯಲ್ಲಿ ಸ್ವಂತದ್ದಾಗಿ ₹57 ಲಕ್ಷ ಇದ್ದರೂ ಬ್ಯಾಂಕಿನಿಂದ ₹1.68 ಕೋಟಿ ಬೇಕಾಗುತ್ತದೆ. ಜೂನ್, ಜುಲೈಗಳಲ್ಲಿ ವಸೂಲಿ ಇನ್ನೂ ಮಂದವಾಗಿದ್ದು, ಆಗಸ್ಟ್‌ನಿಂದ ಹಬ್ಬದ ಬೇಡಿಕೆ ಏರಿದಂತೆ ಬಾಕಿ ಇಳಿಯತೊಡಗಿ, ಸೆಪ್ಟೆಂಬರ್ ಕೊನೆಗೆ ₹74 ಲಕ್ಷಕ್ಕೆ ಬಂದು, ನವೆಂಬರ್‌ನಲ್ಲಿ ಪೂರ್ತಿ ತೀರಿ ಖಾತೆಯಲ್ಲಿ ಮಾಲೀಕನ ಹಣವೇ ನಿಲ್ಲುತ್ತದೆ. ಹೀಗೆ ತಿಂಗಳು ತಿಂಗಳಿಗೆ ಬರುವ ಹಣ, ಹೋಗುವ ಹಣ, ಕೊನೆಯ ಬಾಕಿ ಇವುಗಳನ್ನು ಬರೆದು ಮಾಡುವ ಪಟ್ಟಿಗೆ ನಗದು ಮುಂಗಡಪತ್ರ ಎಂದು ಹೆಸರು. ಋತುಮಾನದ ಉದ್ಯಮಗಳಿಗೆ ಸಾಲಮಿತಿ ನಿರ್ಧರಿಸಲು ಬ್ಯಾಂಕುಗಳು ಒಪ್ಪುವ ವಿಧಾನ ಅದೇ.

ಹಾಗಾದರೆ ಕೇಳಬೇಕಾದದ್ದು ವರ್ಷಪೂರ್ತಿ ₹1.70 ಕೋಟಿಯ ಮಿತಿಯನ್ನಲ್ಲ. ಹಲವು ಮಾಲೀಕರು ಎಡವುವುದು ಇಲ್ಲಿಯೇ. ಡಿಸೆಂಬರ್‌ನಲ್ಲಿ ಅಗತ್ಯವೇ ಇಲ್ಲದ ಮಿತಿಯನ್ನು ಕೇಳಿದಾಗ, ಆ ಹಣ ಜಾಗ ಖರೀದಿಗೋ ಹೊಸ ಕಟ್ಟಡಕ್ಕೋ ಹರಿದುಹೋಗುತ್ತದೆ ಎಂಬ ಶಂಕೆ ಅಧಿಕಾರಿಗೆ ಸಹಜವಾಗಿಯೇ ಹುಟ್ಟುತ್ತದೆ. ಕೆ.ಬಿ. ಚೋರೆ ನೇತೃತ್ವದ ಸಮಿತಿ 1979ರಲ್ಲೇ ಹೆಚ್ಚು ಬೇಡಿಕೆಯ ತಿಂಗಳುಗಳಿಗೊಂದು, ಉಳಿದ ತಿಂಗಳುಗಳಿಗೊಂದು ಎಂದು ಎರಡು ಮಿತಿಗಳನ್ನು ಬೇರೆಬೇರೆಯಾಗಿ ನಿಗದಿ ಮಾಡಬೇಕೆಂದು ಸೂಚಿಸಿತ್ತು. ಅದರಂತೆ ಮೂಲಮಿತಿ ₹75 ಲಕ್ಷವಾಗಿಯೇ ಉಳಿದು, ಏಪ್ರಿಲ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ ಮಾತ್ರ ಅದು ₹1.70 ಕೋಟಿಗೆ ಏರಲಿ ಎಂಬ ಪ್ರಸ್ತಾವ, ಮೊತ್ತದಲ್ಲಿ ದೊಡ್ಡದಾಗಿದ್ದರೂ, ಬ್ಯಾಂಕಿನ ದೃಷ್ಟಿಯಲ್ಲಿ ಹೆಚ್ಚು ನಂಬಲರ್ಹ.

ಈ ನಂಬಿಕೆಗೆ ಪುರಾವೆ ಅರ್ಜಿಗಿಂತ ಹೆಚ್ಚಾಗಿ ಹಳೆಯ ಖಾತೆಯಲ್ಲಿ ಇರುತ್ತದೆ. ಬೇಸಿಗೆಯಲ್ಲಿ ಸಾಲ ಎಷ್ಟು ಏರಿತ್ತು ಎಂಬುದು ಅಂಥ ಮುಖ್ಯ ಸಂಗತಿಯಲ್ಲ. ಡಿಸೆಂಬರ್‌ನಿಂದ ಫೆಬ್ರುವರಿಯವರೆಗೆ ಅದು ಎಷ್ಟು ಇಳಿದಿತ್ತು ಎಂಬುದನ್ನು ಅನುಭವಿ ಅಧಿಕಾರಿ ಮೊದಲು ನೋಡುತ್ತಾನೆ. ಆ ತಿಂಗಳುಗಳಲ್ಲೂ ಬಾಕಿ ₹70 ಲಕ್ಷದ ಆಸುಪಾಸಿನಲ್ಲೇ ಅಂಟಿಕೊಂಡಿದ್ದರೆ, ಕೊರತೆ ಋತುಮಾನದ್ದಲ್ಲ, ಕಾಯಂ ಆದದ್ದು: ಒಂದೋ ನಷ್ಟವಾಗಿದೆ, ಇಲ್ಲವೇ ವಸೂಲಿ ನಿಂತಿದೆ, ಇಲ್ಲವೇ ದುಡಿಯುವ ಬಂಡವಾಳ ಯಂತ್ರ, ಜಮೀನುಗಳಲ್ಲಿ ಹೂತುಹೋಗಿದೆ. ಅದಕ್ಕೆ ಮಿತಿ ಹೆಚ್ಚಿಸುವುದು ಪರಿಹಾರವಲ್ಲ. ಅವಧಿ ಸಾಲವೋ ಮಾಲೀಕನ ಹೊಸ ಬಂಡವಾಳವೋ ಬೇಕಾಗುತ್ತದೆ.

ಮಿತಿ ಮಂಜೂರಾದ ಮಾತ್ರಕ್ಕೆ ಅಷ್ಟೂ ಹಣ ತೆಗೆಯುವ ಹಕ್ಕು ಬರುವುದಿಲ್ಲ ಎಂಬುದೂ ಇಲ್ಲಿ ಗಮನಿಸಬೇಕಾದದ್ದು. ಪ್ರತಿ ತಿಂಗಳು ಕೊಡುವ ಸ್ಟಾಕ್ ಸ್ಟೇಟ್‌ಮೆಂಟಿನಲ್ಲಿ ತೋರಿಸಿದ ದಾಸ್ತಾನು ಮತ್ತು ಬರಬೇಕಾದ ಬಾಕಿಗಳ ಮೌಲ್ಯದಿಂದ, ಉದ್ದರಿಯಾಗಿ ತಂದ ಮಾಲಿನ ಬೆಲೆಯನ್ನು ಕಳೆದು, ಮಾಲೀಕನ ಪಾಲಾದ ಮಾರ್ಜಿನ್ ಹಣವನ್ನೂ ಬಿಟ್ಟು ಉಳಿಯುವ ಮೊತ್ತಕ್ಕೆ ಡ್ರಾಯಿಂಗ್ ಪವರ್ ಎನ್ನುತ್ತಾರೆ. ಮಿತಿ ಮತ್ತು ಡ್ರಾಯಿಂಗ್ ಪವರ್‌ಗಳಲ್ಲಿ ಯಾವುದು ಕಡಿಮೆಯೋ ಅಷ್ಟನ್ನೇ ತೆಗೆಯಬಹುದು. ಮೇಲಿನ ಕಾರ್ಖಾನೆಯಲ್ಲಿ ಮೇ ಕೊನೆಗೆ ಒಡೆಯದೆ ಉಳಿದ 180 ಟನ್ ಬೀಜದ ಬೆಲೆ ₹2.16 ಕೋಟಿ, ತಿರುಳಿನ ದಾಸ್ತಾನು ಮತ್ತು ಗಿರಾಕಿಗಳ ಬಾಕಿ ಸೇರಿ ₹30 ಲಕ್ಷ ಎಂದುಕೊಂಡು, ಶೇ 25 ಮಾರ್ಜಿನ್ ಕಳೆದರೆ ಡ್ರಾಯಿಂಗ್ ಪವರ್ ₹1.84 ಕೋಟಿ ಆಗುತ್ತದೆ. ಬೇಕಾದದ್ದು ₹1.68 ಕೋಟಿ; ಲೆಕ್ಕ ಕೂಡುತ್ತದೆ.

ಆದರೆ ದಾಸ್ತಾನಿಗೆ ಕೊಂಡ ಬೆಲೆ ಅಥವಾ ಮಾರುಕಟ್ಟೆ ಬೆಲೆ, ಯಾವುದು ಕಡಿಮೆಯೋ ಅದನ್ನೇ ಬ್ಯಾಂಕ್ ಹಿಡಿಯುತ್ತದೆ. ಬೀಜದ ದರ ₹120ರಿಂದ ₹100ಕ್ಕೆ ಕುಸಿದರೆ ಡ್ರಾಯಿಂಗ್ ಪವರ್ ₹1.57 ಕೋಟಿಗೆ ಇಳಿದು, ಒಂದು ರೂಪಾಯಿಯನ್ನೂ ಹೊಸದಾಗಿ ತೆಗೆಯದೆಯೇ ಖಾತೆ ಸುಮಾರು ₹11 ಲಕ್ಷದಷ್ಟು ಮೀರಿದಂತಾಗುತ್ತದೆ. ಈ ಮೀರಿಕೆ ಸತತವಾಗಿ 90 ದಿನ ಉಳಿದರೆ ಸಾಲ ಅನುತ್ಪಾದಕ ಆಸ್ತಿಯೆನಿಸುತ್ತದೆ, ಅಂದರೆ ವಸೂಲಾಗದ ಸಾಲದ ವರ್ಗಕ್ಕೆ ಸೇರುತ್ತದೆ. ಆದ್ದರಿಂದ ದರ ಇಳಿದಾಗ ಏನು ಮಾಡಲಾಗುತ್ತದೆ ಎಂಬ ಪ್ರಶ್ನೆಗೆ, ಕೊನೆಯ 20 ಟನ್ ಖರೀದಿಯನ್ನು ಕೈಬಿಡಲಾಗುತ್ತದೆ ಎಂದೋ, ನಿಶ್ಚಿತ ಠೇವಣಿಯಲ್ಲಿರುವ ಇಷ್ಟು ಹಣವನ್ನು ತಂದು ಹಾಕಲಾಗುತ್ತದೆ ಎಂದೋ ಉತ್ತರ ಮೊದಲೇ ಬರೆದಿಟ್ಟ ಅರ್ಜಿಗೆ ತೂಕ ಹೆಚ್ಚು.

ದಾಸ್ತಾನಿನ ಗುಣಮಟ್ಟದ ಪರೀಕ್ಷೆ ಕಾಗದದಲ್ಲಿ ಆಗುವಂಥದ್ದಲ್ಲ. ಬಿಸಿಲಿನಲ್ಲಿ ಚೆನ್ನಾಗಿ ಒಣಗದ ಬೀಜ ಮಳೆಗಾಲದ ಗೋದಾಮಿನಲ್ಲಿ ಬೂಷ್ಟು ಹಿಡಿದು, ಮೂಟೆಗೆ 21 ಕಿಲೋ ಬದಲು 18 ಕಿಲೋ ತಿರುಳು ಮಾತ್ರ ಕೊಟ್ಟೀತು. ಮೂಟೆಗಳ ಎಣಿಕೆ ಸರಿಯಾಗಿದ್ದರೂ ಬೆಲೆಯಲ್ಲಿ ಏಳರಲ್ಲೊಂದು ಪಾಲು ಹೋದಂತೆ. ಇದನ್ನು ಕಂಡುಹಿಡಿಯಲು ಕೆಲವು ಮೂಟೆಗಳಿಂದ ಒಂದು ಕಿಲೋ ಮಾದರಿ ತೆಗೆದು, ಪ್ರತಿ ಬೀಜವನ್ನೂ ಕತ್ತರಿಸಿ, ಒಳ್ಳೆಯದು, ಸುಕ್ಕಿದ್ದು, ಕೊಳೆತದ್ದು ಎಂದು ಬೇರ್ಪಡಿಸಿ ತೂಗುತ್ತಾರೆ. ಖರೀದಿಯ ವೇಳೆ ಮಾಡಿದ ಈ ಪರೀಕ್ಷೆಯ ದಾಖಲೆಯನ್ನು ಸ್ಟಾಕ್ ಸ್ಟೇಟ್‌ಮೆಂಟಿನ ಜೊತೆಗಿಡುವ ಮಾಲೀಕರು ಕಡಿಮೆ; ಇಟ್ಟವರಿಗೆ ಗೋದಾಮು ತಪಾಸಣೆ ಬೇಗ ಮುಗಿಯುತ್ತದೆ.

ವರ್ಷದ ಬೀಜವನ್ನೆಲ್ಲ ಬೇಸಿಗೆಯಲ್ಲೇ ಏಕೆ ಕೊಳ್ಳಬೇಕು, ತಾಂಜಾನಿಯಾದ ಬೆಳೆ ಅಕ್ಟೋಬರ್ ನಂತರ ಬರುತ್ತದಲ್ಲ ಎಂದು ಅಧಿಕಾರಿ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಆಮದು ಮಾಡಿದರೆ ಬೇಸಿಗೆಯ ಹೊರೆ ಖಂಡಿತ ತಗ್ಗುತ್ತದೆ, ಆದರೆ ಕಂಟೇನರ್ ಲೆಕ್ಕದಲ್ಲಿ ಕೊಳ್ಳುವ ಶಕ್ತಿ, ಡಾಲರ್ ದರದ ಏರಿಳಿತ, ಕಣ್ಣಾರೆ ನೋಡದ ಮಾಲಿನ ಗುಣಮಟ್ಟ ಇವು ಹೊಸ ಹೊರೆಗಳಾಗುತ್ತವೆ. ವರ್ಷದ ಕೊನೆಯ ಎರಡು ತಿಂಗಳ ಬೀಜವನ್ನು ಮಂಗಳೂರಿನ ದೊಡ್ಡ ಆಮದುದಾರರಿಂದ ಕೊಂಡು ಬೇಸಿಗೆಯ ಖರೀದಿಯನ್ನು 200 ಟನ್‌ಗೆ ಇಳಿಸಿದರೆ, ಕೇಳಬೇಕಾದ ಮಿತಿ ಸುಮಾರು ₹48 ಲಕ್ಷದಷ್ಟು ಕಡಿಮೆಯಾಗುತ್ತದೆ. ಬ್ಯಾಂಕ್ ಪೂರ್ತಿ ಒಪ್ಪದಿದ್ದಾಗ ಮಾಲೀಕ ಹಿಂದೆ ಸರಿಯಬಹುದಾದ ಜಾಗ ಇದು.

ಇಷ್ಟನ್ನೂ ಮಂಡಿಸಲು ತಕ್ಕ ಕಾಲ ಜನವರಿ. ಆಗ ಖಾತೆಯಲ್ಲಿ ಬಾಕಿ ಇರುವುದಿಲ್ಲ, ಹಬ್ಬದ ವಸೂಲಿ ಜಿಎಸ್‌ಟಿ ವಿವರಗಳಲ್ಲಿ ಕಾಣುತ್ತದೆ, ಪರಿಶೀಲನೆಗೆ ಮೇಲಿನ ಕಚೇರಿಗೆ ಎರಡು ತಿಂಗಳ ಅವಕಾಶವಿರುತ್ತದೆ. ಹೆಚ್ಚುವರಿ ಮಿತಿ ಮುಗಿಯುವ ದಿನಾಂಕವನ್ನು ಮಾತ್ರ ಪಂಚಾಂಗ ನೋಡಿ ಗೊತ್ತುಮಾಡುವುದು ಒಳ್ಳೆಯದು. 2025ರಲ್ಲಿ ಅಕ್ಟೋಬರ್ 20ರ ಹೊತ್ತಿಗೆ ಬಂದ ದೀಪಾವಳಿ, ಅಧಿಕ ಜ್ಯೇಷ್ಠ ಮಾಸ ಬಿದ್ದ 2026ರಲ್ಲಿ ನವೆಂಬರ್ 8ಕ್ಕೆ ಸರಿಯುತ್ತದೆ. ಸಗಟು ಗಿರಾಕಿಗಳ ಬೇಡಿಕೆಯೂ ಪಾವತಿಯೂ ಅದರ ಜೊತೆಗೇ ಸರಿಯುತ್ತವೆ. ಅಂಥ ವರ್ಷದಲ್ಲಿ ಸೆಪ್ಟೆಂಬರ್ 30ಕ್ಕೆ ಬಾಕಿ ₹75 ಲಕ್ಷದೊಳಗೆ ಇಳಿಯುವ ಸಂಭವ ಕಡಿಮೆಯಾದ್ದರಿಂದ, ಮಂಜೂರಾತಿ ಪತ್ರದಲ್ಲಿ ಅಕ್ಟೋಬರ್ 31 ಎಂದು ಬರೆಸಿಕೊಳ್ಳುವುದು, ಅಕ್ಟೋಬರ್‌ನಲ್ಲಿ ಅವಧಿ ವಿಸ್ತರಣೆಗೆ ಅಲೆಯುವುದಕ್ಕಿಂತ ಸುಲಭ.